ಮನೆ ಕರೆಂಟಿನ ಮಂಜೂರಾದ ಲೋಡ್: ಯಾವಾಗ ಏರಿಸಬೇಕು, ಮೀರಿದರೆ ದಂಡ ಎಷ್ಟು

ಎಸಿ ಹಾಕಿಸಿದ ಮೇಲೆ ಅಥವಾ ಎರಡನೇ ಗೀಸರ್ ತಂದ ಮೇಲೆ ಬಿಲ್ಲಿನಲ್ಲಿ ‘ಎಂಡಿ ದಂಡ’ ಅಂತ ಹೊಸ ಸಾಲು ಕಾಣಿಸುತ್ತದೆ. ಮನೆಗೆ ಮಂಜೂರಾದ ಮಿತಿಗಿಂತ ಹೆಚ್ಚು ಕರೆಂಟ್ ಎಳೆದದ್ದಕ್ಕೆ ಬೀಳುವ ದಂಡ ಇದು. ಆಗ ಹೆಚ್ಚಿನವರು ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಕೆಲವರು ಮನೆಯ ಎಲ್ಲಾ ಉಪಕರಣಗಳ ವ್ಯಾಟ್ ಕೂಡಿಸಿ, 3 ಕಿಲೋವ್ಯಾಟ್ ಇದ್ದ ಮಂಜೂರಾದ ಲೋಡನ್ನು ಸೀದಾ 8ಕ್ಕೆ ಏರಿಸಿ, ತಿಂಗಳು ತಿಂಗಳು ಸುಮ್ನೆ ದುಡ್ಡು ಕಟ್ಟುತ್ತಾರೆ. ಇನ್ನು ಕೆಲವರು ‘ನೂರಿನ್ನೂರು ರೂಪಾಯಿ ತಾನೇ’ ಅಂತ ಬಿಟ್ಟುಬಿಟ್ಟು, ನೋಟಿಸ್ ಬಂದಾಗ ಓಡಾಡುತ್ತಾರೆ.

ಇಲ್ಲಿರುವುದು ಕರ್ನಾಟಕದ ಗೃಹಬಳಕೆ ಸಂಪರ್ಕದ ವಿಚಾರ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕ್ ಯಾವುದೇ ಇರಲಿ, ಕ್ರಮ ಹೆಚ್ಚು ಕಡಿಮೆ ಒಂದೇ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅರ್ಜಿ ಮೊದಲು ಹಾಕಿ ಲೆಕ್ಕ ಆಮೇಲೆ ಮಾಡಿದರೆ ಕೆಲಸ ಎರಡಾಗುತ್ತದೆ.

ಕೈಯಲ್ಲಿ ಇರಬೇಕಾದದ್ದು

ಕಳೆದ 12 ತಿಂಗಳ ಬಿಲ್ಲುಗಳು ಬೇಕು. ಕಾಗದದ್ದು ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಅಕೌಂಟ್ ಐಡಿ ಹಾಕಿ ನೋಡಬಹುದು. ಜೊತೆಗೆ ಮೀಟರ್ ಪರದೆಯ ಫೋಟೊ ತೆಗೆಯಲು ಮೊಬೈಲ್, ಒಂದು ಹಾಳೆ, ಪೆನ್ನು. ಇಷ್ಟೇ. ಲೈಸೆನ್ಸ್ ಇರುವ ಗುತ್ತಿಗೆದಾರರ ಅವಶ್ಯಕತೆ ಐದನೇ ಹಂತದಲ್ಲಿ ಬರುತ್ತದೆ, ಈಗಲೇ ಕರೆಸಬೇಡಿ.

## ಹಂತ 1: ಬಿಲ್ಲಿನಲ್ಲಿ ಎರಡು ಅಂಕಿ ಹುಡುಕಿ

ಮೊದಲನೆಯದು ಮಂಜೂರಾದ ಲೋಡ್. ಸಂಪರ್ಕ ಕೊಡುವಾಗ ‘ಇಷ್ಟು ಕಿಲೋವ್ಯಾಟ್ ತನಕ ಎಳೆಯಬಹುದು’ ಅಂತ ಒಪ್ಪಂದದಲ್ಲಿ ಬರೆದುಕೊಂಡ ಮಿತಿ ಇದು. ಬಿಲ್ಲಿನ ಮೇಲ್ಭಾಗದಲ್ಲಿ ಆರ್.ಆರ್. ನಂಬರ್, ಟ್ಯಾರಿಫ್ ಇರುವ ಜಾಗದ ಹತ್ತಿರವೇ ಇರುತ್ತದೆ. ಹಳೇ ಮನೆಗಳಲ್ಲಿ ಇದು 1 ಅಥವಾ 2 ಕಿಲೋವ್ಯಾಟ್ ಇರುವುದು ಮಾಮೂಲು. ಟ್ಯೂಬ್‌ಲೈಟು, ಫ್ಯಾನು, ಮಿಕ್ಸಿಯ ಕಾಲಕ್ಕೆ ಅದು ಸಾಕಾಗಿತ್ತು.

ಎರಡನೆಯದು ಆ ತಿಂಗಳು ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆ. ಎಲ್ಲರೂ ಇದನ್ನು ಎಂಡಿ ಅಂತಲೇ ಕರೆಯುತ್ತಾರೆ. ರೀಡಿಂಗ್ ವಿವರ ಇರುವ ಭಾಗದಲ್ಲಿ, ಪವರ್ ಫ್ಯಾಕ್ಟರ್ ಪಕ್ಕ ಹುಡುಕಿ. ದಂಡ ಬೀಳುವುದು ಈ ಎರಡು ಅಂಕಿಗಳ ವ್ಯತ್ಯಾಸಕ್ಕೆ. ನೀವು ಎಷ್ಟು ಯೂನಿಟ್ ಉರಿಸಿದಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ತಿಂಗಳಿಗೆ 90 ಯೂನಿಟ್ ಬಳಸುವ ಮನೆಯೂ ಲೋಡ್ ಮೀರಬಹುದು. 300 ಯೂನಿಟ್ ಬಳಸುವ ಮನೆ ಮೀರದೇ ಇರಬಹುದು.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರು ಈ ಅಂಕಿ ನೋಡುವುದೇ ಇಲ್ಲ. ಬಿಲ್ ಸೊನ್ನೆಯಾದರೂ ಮೀಟರ್ ಎಂಡಿ ಬರೆದುಕೊಳ್ಳುತ್ತಲೇ ಇರುತ್ತದೆ.

ಈಗ ಹಾಳೆಯಲ್ಲಿ 12 ತಿಂಗಳ ಎಂಡಿಯನ್ನು ಸಾಲಾಗಿ ಬರೆಯಿರಿ. ಒಂದೇ ಬಿಲ್ ನೋಡಿ ತೀರ್ಮಾನ ಮಾಡುವುದು ಅತಿ ಸಾಮಾನ್ಯ ತಪ್ಪು. ನಮ್ಮಲ್ಲಿ ಎಂಡಿ ವರ್ಷಕ್ಕೆ ಎರಡು ಸಲ ಏರುತ್ತದೆ: ಏಪ್ರಿಲ್, ಮೇನಲ್ಲಿ ಎಸಿಯಿಂದ, ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಗೀಸರಿನಿಂದ. ಜುಲೈ ಬಿಲ್ ನೋಡಿ ‘ಎಲ್ಲಾ ಸರಿ ಇದೆ’ ಅಂದುಕೊಂಡರೆ ಚಳಿಗಾಲದಲ್ಲಿ ಸಿಕ್ಕಿಬೀಳುತ್ತೀರಿ.

## ಹಂತ 2: ಎಂಡಿ ಹೇಗೆ ಹುಟ್ಟುತ್ತದೆ ನೋಡಿ

ಮೀಟರ್ ಕ್ಷಣಕ್ಷಣದ ಏರಿಳಿತ ಹಿಡಿದು ದಂಡ ಹಾಕುವುದಿಲ್ಲ. ಅದು ಸೆಟ್ಟಿಂಗ್ ಪ್ರಕಾರ 15 ಅಥವಾ 30 ನಿಮಿಷದ ತುಂಡುಗಳಾಗಿ ಸಮಯವನ್ನು ಭಾಗ ಮಾಡಿ, ಪ್ರತಿ ತುಂಡಿನ ಸರಾಸರಿ ತೆಗೆಯುತ್ತದೆ. ತಿಂಗಳ ಅಷ್ಟೂ ತುಂಡುಗಳಲ್ಲಿ ಅತಿ ಹೆಚ್ಚು ಬಂದದ್ದೇ ಆ ತಿಂಗಳ ಎಂಡಿ. ಅಂದರೆ ಇಡೀ ತಿಂಗಳಲ್ಲಿ ಒಂದೇ ಒಂದು ಅರ್ಧ ಗಂಟೆ ನಿಮ್ಮ ಬಿಲ್ ಏರಿಸಬಲ್ಲದು. ಮನೆಗೆ ನೆಂಟರು ಬಂದ ದಿನ ಎರಡೂ ಗೀಸರ್ ಹಾಕಿದಿರಿ ಅಂದರೆ ಆ ತಿಂಗಳ ಲೆಕ್ಕ ಅಲ್ಲಿಗೆ ನಿಂತಿತು.

ಒಂದು ಮನೆ ತೆಗೆದುಕೊಳ್ಳೋಣ. ಮಂಜೂರಾದ ಲೋಡ್ 3 ಕಿಲೋವ್ಯಾಟ್. ನವೆಂಬರ್ ತಿಂಗಳ ಬೆಳಿಗ್ಗೆ 6.30ರಿಂದ 7ರವರೆಗಿನ ಅರ್ಧ ಗಂಟೆ. 2 ಕಿಲೋವ್ಯಾಟಿನ ಗೀಸರ್ 20 ನಿಮಿಷ ಓಡಿ ತಾನಾಗಿ ಆಫ್ ಆಯಿತು. ಅರ್ಧ ಗಂಟೆಯ ಸರಾಸರಿಯಲ್ಲಿ ಅದರ ಪಾಲು 1.33. ಇಂಡಕ್ಷನ್ ಒಲೆ 1.8 ಕಿಲೋವ್ಯಾಟಿನಲ್ಲಿ 20 ನಿಮಿಷ ಉರಿಯಿತು, ಅದರ ಪಾಲು 1.2. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟರ್ ಸುಮಾರು 1 ಕಿಲೋವ್ಯಾಟ್ ಎಳೆಯುತ್ತಾ 15 ನಿಮಿಷ ಓಡಿತು, ಪಾಲು 0.5. ಚಟ್ನಿಗೆ ಮಿಕ್ಸಿ ನಾಲ್ಕು ನಿಮಿಷ, ಪಾಲು 0.1. ಫ್ರಿಜ್ಜು, ಲೈಟು, ಟಿವಿ ಸೇರಿ 0.3. ಒಟ್ಟು 3.4.

ಅದೇ ಉಪಕರಣಗಳ ವ್ಯಾಟನ್ನು ಸುಮ್ನೆ ಕೂಡಿಸಿದರೆ 5.8 ದಾಟುತ್ತಿತ್ತು. ಎಸಿ, ಇಸ್ತ್ರಿಪೆಟ್ಟಿಗೆ, ಎರಡನೇ ಗೀಸರ್ ಸೇರಿಸಿದರೆ 10ರ ಹತ್ತಿರ ಹೋಗುತ್ತದೆ. ಹಾಗೆ ಕೂಡಿಸಿ ಲೋಡ್ ಕೇಳಬಾರದು ಅನ್ನುವುದು ಇದಕ್ಕೇ.

ಒಂದು ಎಚ್ಚರಿಕೆ ಇದೆ. ಗೀಸರ್, ಇಂಡಕ್ಷನ್, ಮಿಕ್ಸಿ ಇವೆಲ್ಲ ಸ್ವಲ್ಪ ಹೊತ್ತು ಓಡಿ ನಿಲ್ಲುವುದರಿಂದ ಸರಾಸರಿಯಲ್ಲಿ ಕರಗುತ್ತವೆ. ಎಲೆಕ್ಟ್ರಿಕ್ ಕಾರು ಹಾಗಲ್ಲ. 3.3 ಕಿಲೋವ್ಯಾಟಿನ ಚಾರ್ಜರ್ ರಾತ್ರಿ ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತದೆ. ಅಷ್ಟೂ ಎಂಡಿಗೆ ಪೂರ್ತಿಯಾಗಿ ಸೇರುತ್ತದೆ. 3 ಕಿಲೋವ್ಯಾಟಿನ ಮನೆಗೆ ಕಾರು ಬಂತು ಅಂದರೆ ಲೋಡ್ ಮೀರಿತು ಅಂತಲೇ ಲೆಕ್ಕ.

## ಹಂತ 3: ಅಂಕಿ ನಿಜವೇ ಅಂತ ಮೀಟರಿನಲ್ಲೇ ನೋಡಿ

ಬಿಲ್ಲಿನ ಎಂಡಿ ತಪ್ಪಿರಲೂಬಹುದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಪರದೆ ತಾನಾಗಿ ಒಂದೊಂದೇ ಅಂಕಿ ತೋರಿಸುತ್ತಾ ಹೋಗುತ್ತದೆ. ಕೆಲವದರಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ಮುಂದಿನ ಅಂಕಿ ಬರುತ್ತದೆ. kWh ಅಂತ ಇರುವುದು ಯೂನಿಟ್. MD ಅಂತ kW ಜೊತೆಗೆ ಬರುವುದು ಎಂಡಿ. ರೀಡಿಂಗ್ ತೆಗೆಯುವ ಹಿಂದಿನ ದಿನ ಇದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ವಾದ ಬಂದರೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ.

ಎರಡು ಲಕ್ಷಣ ಕಂಡರೆ ಅನುಮಾನ ಪಡಿ. ಒಂದು, ಎರಡು ಮೂರು ತಿಂಗಳು ಎಂಡಿ ದಶಮಾಂಶ ಸಮೇತ ಒಂದೇ ಇದ್ದರೆ. ಪ್ರತಿ ರೀಡಿಂಗ್ ಆದಾಗ ಎಂಡಿ ಸೊನ್ನೆಗೆ ಮರಳಬೇಕು. ಅದು ಆಗದಿದ್ದರೆ ಹಳೇ ತಿಂಗಳ ಗರಿಷ್ಠವೇ ಮತ್ತೆ ಮತ್ತೆ ಬಿಲ್ಲಿಗೆ ಬರುತ್ತದೆ. ಎರಡು, ಎಂಡಿ ನಿಮ್ಮ ಮೇನ್ ಎಂಸಿಬಿ, ಅಂದರೆ ಹೆಚ್ಚು ಕರೆಂಟ್ ಹರಿದರೆ ತಾನಾಗಿ ಬೀಳುವ ಸ್ವಿಚ್ಚು, ತಡೆಯಲಾರದಷ್ಟು ದೊಡ್ಡದಿದ್ದರೆ. ಸಿಂಗಲ್ ಫೇಸಿನಲ್ಲಿ 1 ಕಿಲೋವ್ಯಾಟ್ ಅಂದರೆ ಸುಮಾರು 4.3 ಆಂಪಿಯರ್. 20 ಆಂಪಿಯರ್ ಎಂಸಿಬಿ ಇರುವ ಮನೆಯಲ್ಲಿ 9 ಕಿಲೋವ್ಯಾಟ್ ಎಂಡಿ ಅಂತ ಬಂದರೆ ಅದು ಸುಮಾರು 39 ಆಂಪಿಯರ್. ಅರ್ಧ ಗಂಟೆ ಅಷ್ಟು ಎಳೆದಿದ್ದರೆ ಎಂಸಿಬಿ ಯಾವಾಗಲೋ ಬಿದ್ದಿರಬೇಕಿತ್ತು.

ಇವೆರಡರಲ್ಲಿ ಯಾವುದಿದ್ದರೂ ಲೋಡ್ ಏರಿಸುವ ಅರ್ಜಿ ಹಾಕಬೇಡಿ. ಮೊದಲು ಶಾಖಾ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಮೀಟರ್ ಪರೀಕ್ಷೆ ಕೇಳಿ. 1912ಕ್ಕೂ ಫೋನ್ ಮಾಡಿ ದೂರಿನ ನಂಬರ್ ಪಡೆದುಕೊಳ್ಳಿ.

## ಹಂತ 4: ದಂಡದ ಲೆಕ್ಕ ಹಾಕಿ, ಆಮೇಲೆ ತೀರ್ಮಾನಿಸಿ

ಗೊಂದಲ ಜಾಸ್ತಿ ಇರುವುದು ಇಲ್ಲಿ. ದಂಡ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯ ಕಲೆಸಿಹೋಗಿವೆ.

ಮೊದಲನೆಯದು, ತಿಂಗಳ ಬಿಲ್ಲಿನಲ್ಲಿ ಬರುವುದು. ಸ್ಥಿರ ಶುಲ್ಕ ಮಂಜೂರಾದ ಲೋಡಿನ ಮೇಲೆ ನಿಂತಿದೆ. 2025-26ರ ದರಪಟ್ಟಿಯಲ್ಲಿ ಗೃಹಬಳಕೆಗೆ ಅದು ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. 3 ಕಿಲೋವ್ಯಾಟಿಗೆ 435. ಮಿತಿ ಮೀರಿದ ಪಾಲಿಗೆ ಪ್ರತ್ಯೇಕ ಸಾಲಿನಲ್ಲಿ ಹೆಚ್ಚುವರಿ ಬರುತ್ತದೆ. ನಿಮಗೆ ಯಾವ ದರದಲ್ಲಿ ಹಾಕಿದ್ದಾರೆ ಅಂತ ತಿಳಿಯಲು ಸುಲಭ ದಾರಿ ಇದೆ: ದಂಡದ ಮೊತ್ತವನ್ನು ಮೀರಿದ ಕಿಲೋವ್ಯಾಟಿನಿಂದ ಭಾಗಿಸಿ. ಹತ್ತಿರ ಹತ್ತಿರ 145 ಬಂದರೆ ಮಾಮೂಲು ದರ. 290 ಬಂದರೆ ಎರಡು ಪಟ್ಟು. ಎರಡೂ ಅಲ್ಲದ ಬೇರೇನೋ ಬಂದರೆ ಉಪವಿಭಾಗದ ಕಚೇರಿಯಲ್ಲಿ ಲೆಕ್ಕ ಬಿಡಿಸಿ ಕೊಡಿ ಅಂತ ಕೇಳಿ. ದರ ಪರಿಷ್ಕರಣೆ ಆದಾಗ 145ರ ಜಾಗದಲ್ಲಿ ನಿಮ್ಮ ಬಿಲ್ಲಿನ ದರ ಇಟ್ಟುಕೊಳ್ಳಿ.

ಸ್ಮಾರ್ಟ್ ಮೀಟರ್ ಇದ್ದರೆ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರ ಜೂನ್‌ನಲ್ಲಿ ಆದ ತಿದ್ದುಪಡಿ ನೋಡಬೇಕು. ಒಂದು ತಿಂಗಳು ಎಂಡಿ ಮೀರಿದರೆ ಆ ತಿಂಗಳ ಬಿಲ್ಲನ್ನು ನಿಜವಾಗಿ ದಾಖಲಾದ ಎಂಡಿ ಮೇಲೆ ಲೆಕ್ಕ ಹಾಕಬೇಕು, ಗ್ರಾಹಕರಿಗೆ ಎಸ್ಎಂಎಸ್ ಅಥವಾ ಆ್ಯಪ್ ಮೂಲಕ ತಿಳಿಸಬೇಕು ಅಂತ ಅದು ಹೇಳುತ್ತದೆ. ಸ್ಮಾರ್ಟ್ ಮೀಟರ್ ಕೂರಿಸುವ ಮೊದಲಿನ ಅವಧಿಗೆ, ಹೊಸ ಮೀಟರ್ ತೋರಿಸಿದ ಎಂಡಿ ಹಿಡಿದು ದಂಡ ಹಾಕುವಂತಿಲ್ಲ. ಇದು ನೆನಪಿರಲಿ. ‘ಹೊಸ ಮೀಟರ್ 4.5 ತೋರಿಸ್ತಿದೆ, ಹೋದ ವರ್ಷದ್ದೂ ಸೇರಿಸಿ ಕಟ್ಟಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ.

ಎರಡನೆಯದು, ಕಂಪನಿಯೇ ಲೋಡ್ ಏರಿಸುವುದು. ಅದೇ ತಿದ್ದುಪಡಿಯ ಪ್ರಕಾರ, ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಂಜೂರಾದ ಲೋಡನ್ನು ಪರಿಷ್ಕರಿಸಬಹುದು. ಆದರೆ ಮೀರಿದ ತಿಂಗಳುಗಳ ಎಂಡಿಯಲ್ಲಿ ಅತಿ ಕಡಿಮೆ ಇರುವುದನ್ನು ತೆಗೆದುಕೊಳ್ಳಬೇಕು, ಅತಿ ಹೆಚ್ಚಿನದನ್ನಲ್ಲ. ನೋಟಿಸ್ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಗರಿಷ್ಠ ಅಂಕಿ ಹಿಡಿದು ಲೋಡ್ ಏರಿಸಿದ್ದರೆ ಆಕ್ಷೇಪಣೆ ಬರೆಯಿರಿ.

ಮೂರನೆಯದು ಸೆಕ್ಷನ್ 126. 2003ರ ವಿದ್ಯುತ್ ಕಾಯ್ದೆಯ ಈ ಕಲಂ ಅನಧಿಕೃತ ಬಳಕೆಗೆ ಸಂಬಂಧಿಸಿದ್ದು. ಮಂಜೂರಾದ ಲೋಡ್ ಮೀರಿ ಬಳಸುವುದೂ ಇದರಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಹೇಳಿತು. 2022ರ ಡಿಸೆಂಬರ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲೂ ಇದನ್ನೇ ಎತ್ತಿಹಿಡಿಯಿತು. ಅಧಿಕಾರಿ ಸ್ಥಳ ತಪಾಸಣೆ ಮಾಡಿ, ತಾತ್ಕಾಲಿಕ ಅಂದಾಜು ಆದೇಶ ಕೊಡುತ್ತಾರೆ. ದರ ಎರಡು ಪಟ್ಟು. ಯಾವಾಗಿನಿಂದ ಮೀರಿದ್ದೀರಿ ಅಂತ ಗೊತ್ತಾಗದಿದ್ದರೆ ತಪಾಸಣೆಗೆ ಹಿಂದಿನ 12 ತಿಂಗಳ ತನಕ ಲೆಕ್ಕ ಹಾಕಬಹುದು. 1.6 ಕಿಲೋವ್ಯಾಟ್ ಮೀರಿದ ಮನೆಗೆ ಬರೀ ಸ್ಥಿರ ಶುಲ್ಕದ ಭಾಗವನ್ನೇ ಹೀಗೆ ಲೆಕ್ಕ ಹಾಕಿದರೂ 5,568 ರೂಪಾಯಿ ಆಗುತ್ತದೆ.

ಮನೆಯವರಿಗೆ 126ರ ನಿಜವಾದ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಗೃಹಬಳಕೆ ಮೀಟರಿನಲ್ಲಿ ಮುಂದಿನ ಕೋಣೆಯ ಅಂಗಡಿ, ಹಿಟ್ಟಿನ ಗಿರಣಿ, ಬ್ಯೂಟಿ ಪಾರ್ಲರ್ ನಡೆಸುವುದು. ಅಲ್ಲಿ ಲೋಡಿನ ಜೊತೆ ಉದ್ದೇಶವೂ ಬದಲಾಗಿದೆ. ಲೋಡ್ ಏರಿಸಿದರೆ ಮಾತ್ರ ಸಾಲದು, ಟ್ಯಾರಿಫ್ ಬದಲಾಯಿಸಬೇಕು ಅಥವಾ ಪ್ರತ್ಯೇಕ ಮೀಟರ್ ತೆಗೆದುಕೊಳ್ಳಬೇಕು.

### ನಮ್ಮ ಮನೆಯ ವರ್ಷದ ಲೆಕ್ಕ

ಅದೇ 3 ಕಿಲೋವ್ಯಾಟ್ ಮನೆಯ ಎಂಡಿ ಹೀಗಿದೆ ಅನ್ನಿ: ಏಪ್ರಿಲ್ 3.6, ಮೇ 3.9, ಜೂನ್‌ನಿಂದ ಅಕ್ಟೋಬರ್ ತನಕ 3ರ ಒಳಗೆ, ನವೆಂಬರ್ 3.4, ಡಿಸೆಂಬರ್ 4.6, ಜನವರಿ 4.5, ಫೆಬ್ರವರಿ 3.2, ಮಾರ್ಚ್ 3.5. ಏಳು ತಿಂಗಳು ಮೀರಿದೆ. ಮೀರಿದ ಪಾಲನ್ನೆಲ್ಲ ಕೂಡಿಸಿದರೆ 5.7.

ಇದಕ್ಕೆ ಮಾಮೂಲು ದರದಲ್ಲಿ ವರ್ಷಕ್ಕೆ 826 ರೂಪಾಯಿ ಚಿಲ್ಲರೆ. ಎರಡು ಪಟ್ಟಾದರೆ 1,653. ಇನ್ನು 5 ಕಿಲೋವ್ಯಾಟಿಗೆ ಏರಿಸಿದರೆ ಹೆಚ್ಚುವರಿ ಸ್ಥಿರ ಶುಲ್ಕ ವರ್ಷಕ್ಕೆ 3,480. 4ಕ್ಕೆ ಏರಿಸಿದರೆ 1,740. ಅಂದರೆ ಬರೀ ದುಡ್ಡು ನೋಡಿದರೆ ದಂಡ ಕಟ್ಟುವುದೇ ಅಗ್ಗ! ಇದನ್ನು ನೋಡಿಯೇ ತುಂಬಾ ಜನ ಸುಮ್ಮನಾಗುವುದು. ಆದರೆ ಮೂರು ಸಲ ಮೀರಿದ ಮೇಲೆ ಲೋಡ್ ಪರಿಷ್ಕರಣೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ತಪಾಸಣೆ ಬಂದರೆ 126 ಇದೆ. ಮತ್ತೆ, ಕಂಪನಿ ಏರಿಸಿದರೂ ಅತಿ ಕಡಿಮೆಯ ನಿಯಮದಂತೆ 3.2ಕ್ಕೆ ಏರಿಸುತ್ತದೆ. ಆಗಲೂ ಆರು ತಿಂಗಳು ಮೀರುವುದು ಹಾಗೇ ಉಳಿಯುತ್ತದೆ.

ನನ್ನ ಪ್ರಕಾರ ಇಲ್ಲಿ ಮಾಡಬೇಕಾದದ್ದು ಎರಡು ಕೆಲಸ. ಡಿಸೆಂಬರ್, ಜನವರಿಯ 4.6, 4.5 ಬಂದದ್ದು ಎರಡು ಗೀಸರ್ ಒಟ್ಟಿಗೆ ಓಡಿದ್ದರಿಂದ. ಒಂದು ಹಾಕಿ ಅರ್ಧ ಗಂಟೆ ಕಳೆದ ಮೇಲೆ ಇನ್ನೊಂದು ಹಾಕುವ ರೂಢಿ ಮಾಡಿಕೊಂಡರೆ ಅದು 3.4ರ ಸುತ್ತ ಇಳಿಯುತ್ತದೆ. ನೀರೆತ್ತುವುದನ್ನು ಮಧ್ಯಾಹ್ನಕ್ಕೆ ತಳ್ಳಿದರೆ 2.9ಕ್ಕೆ ಬರುತ್ತದೆ. ಬೇಸಿಗೆಯ ಎಸಿಯನ್ನು ಹೀಗೆ ಪಕ್ಕಕ್ಕೆ ಸರಿಸಲು ಆಗುವುದಿಲ್ಲ. ಅದಕ್ಕೆ 4 ಕಿಲೋವ್ಯಾಟಿಗೆ ಅರ್ಜಿ ಹಾಕಬೇಕು. 5 ಬೇಕಿಲ್ಲ.

ನಿಮ್ಮ ಹಾಳೆಯಲ್ಲಿ ವರ್ಷಕ್ಕೆ ಒಂದೆರಡು ಸಲ ಮಾತ್ರ ಮೀರಿದ್ದರೆ ಲೋಡ್ ಏರಿಸಬೇಡಿ, ಬಳಕೆಯ ಹೊತ್ತು ಬದಲಾಯಿಸಿ. ಮೂರು ಅಥವಾ ಹೆಚ್ಚು ಸಲ ಮೀರಿದ್ದು, ಹೊತ್ತು ಬದಲಾಯಿಸಿದರೂ ಇಳಿಯದಿದ್ದರೆ ಏರಿಸಿ. ಕಾರ್ ಚಾರ್ಜರ್, ಹೊಸ ಎಸಿ, ಮೇಲೊಂದು ಮಹಡಿ ಬರುವುದಿದ್ದರೆ ಅದು ಬರುವ ಮೊದಲೇ ಏರಿಸಿ.

## ಹಂತ 5: ವೈರಿಂಗ್ ನೋಡಿಸಿ

ಲೋಡ್ ಕಾಗದದ ಮೇಲೆ ಏರಿದರೆ ಗೋಡೆಯೊಳಗಿನ ವೈರ್ ದಪ್ಪ ಆಗುವುದಿಲ್ಲ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರನ್ನು ಈಗ ಕರೆಸಿ. ಅರ್ಜಿಯ ಜೊತೆ ವೈರಿಂಗ್ ಪೂರ್ಣಗೊಂಡ ಮತ್ತು ಪರೀಕ್ಷಾ ವರದಿಗೆ ಅವರ ಸಹಿ ಹೇಗೂ ಬೇಕಾಗುತ್ತದೆ. ಬರೀ ಸಹಿ ಹಾಕಿಸಿಕೊಂಡು ಕಳಿಸಬೇಡಿ. ಮೂರು ಜಾಗ ತೋರಿಸಿ: ಮೀಟರಿನಿಂದ ಮೇನ್ ಬೋರ್ಡಿಗೆ ಬರುವ ವೈರ್, ಮೇನ್ ಎಂಸಿಬಿಯ ಆಂಪಿಯರ್, ಅರ್ಥಿಂಗ್.

ಇನ್ನೊಂದನ್ನು ನೀವೇ ನೋಡಬಹುದು. ಮೀಟರಿನ ಮುಖದ ಮೇಲೆ 5-30A ಅಥವಾ 10-60A ಅಂತ ಅಚ್ಚಾಗಿರುತ್ತದೆ. ಎರಡನೇ ಅಂಕಿ ಆ ಮೀಟರ್ ತಡೆಯುವ ಗರಿಷ್ಠ ಆಂಪಿಯರ್. 5-30ರ ಮೀಟರಿಗೆ 4 ಕಿಲೋವ್ಯಾಟ್, ಅಂದರೆ ಸುಮಾರು 17 ಆಂಪಿಯರ್, ಕಷ್ಟವಲ್ಲ. 7 ಕಿಲೋವ್ಯಾಟಿನ ಕಾರ್ ಚಾರ್ಜರ್ ಒಂದೇ ಸುಮಾರು 30 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಈ ಮೀಟರ್ ಸಾಲದು.

ಕೆಳಗಿನವು ಕಂಡರೆ ಅರ್ಜಿಗೂ ಕಾಯಬೇಡಿ, ಅದೇ ದಿನ ಎಲೆಕ್ಟ್ರಿಷಿಯನ್ ಕರೆಸಿ: ಮೇನ್ ಬೋರ್ಡಿನ ಹತ್ತಿರ ಸುಟ್ಟ ವಾಸನೆ, ಎಂಸಿಬಿಯ ಮುಖ ಅಥವಾ ಗೀಸರಿನ ಪ್ಲಗ್ ಮುಟ್ಟಿದರೆ ಸುಡುವುದು, ಪ್ಲಗ್ ಪಾಯಿಂಟ್ ಕಂದು ಬಣ್ಣಕ್ಕೆ ತಿರುಗಿರುವುದು, ಗೀಸರ್ ಹಾಕಿದ ಕೂಡಲೇ ಲೈಟು ಮಂಕಾಗುವುದು. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ದೊಡ್ಡದು ಹಾಕಿಸುವುದು ಅತ್ಯಂತ ಕೆಟ್ಟ ತಪ್ಪು. ಎಂಸಿಬಿ ಇರುವುದು ವೈರನ್ನು ಉಳಿಸಲು. ಹಳೇ ತೆಳು ವೈರಿಗೆ 40 ಆಂಪಿಯರ್ ಎಂಸಿಬಿ ಹಾಕಿದರೆ ಮೊದಲು ಸುಡುವುದು ಆ ವೈರೇ.

ಸಾಮಾನ್ಯವಾಗಿ 5 ಕಿಲೋವ್ಯಾಟಿನ ಆಚೆ ಹೋದರೆ ತ್ರೀ ಫೇಸ್ ಬೇಕಾಗುತ್ತದೆ. ತ್ರೀ ಫೇಸ್ ಬಂದರೆ ಎಂಡಿ ಮೂರು ಪಾಲಾಗಿ ಕಡಿಮೆಯಾಗುತ್ತದೆ ಅಂತ ಕೆಲವರು ನಂಬಿದ್ದಾರೆ. ಹಾಗಿಲ್ಲ, ಮೂರೂ ಫೇಸಿನದ್ದು ಸೇರಿಯೇ ಲೆಕ್ಕ. ಹೊರೆ ಮೂರಕ್ಕೂ ಹಂಚಿಹೋಗುವಂತೆ ವೈರಿಂಗ್ ಮಾಡಿಸಬೇಕು, ಅಷ್ಟೇ.

## ಹಂತ 6: ಅರ್ಜಿ ಹಾಕಿ

ಅರ್ಜಿಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹೆಚ್ಚುವರಿ ಲೋಡ್ ವಿಭಾಗದಲ್ಲಿ ಹಾಕಬಹುದು, ಇಲ್ಲವೇ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಕೊಡಬಹುದು. ಬೇಕಾಗುವುದು ಗುರುತಿನ ಚೀಟಿ, ಬಾಕಿ ಇಲ್ಲದ ಇತ್ತೀಚಿನ ಬಿಲ್, ಗುತ್ತಿಗೆದಾರರ ವರದಿ, ಹೊಸ ಲೋಡಿನ ಒಪ್ಪಂದ ಪತ್ರ. ಬಾಕಿ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲು ಕಟ್ಟಿಬಿಡಿ.

ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಹೆಸರಿನ ಕಾರಣಕ್ಕೆ. ಆರ್.ಆರ್. ನಂಬರ್ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೋ, ಮನೆ ಮಾರಿದ ಹಳೇ ಮಾಲೀಕರ ಹೆಸರಿನಲ್ಲೋ ಇರುತ್ತದೆ. ಹಾಗಿದ್ದರೆ ಹೆಸರು ಬದಲಾವಣೆ ಮೊದಲು, ಲೋಡ್ ಆಮೇಲೆ. ಬಾಡಿಗೆಯವರಾಗಿದ್ದರೆ ಮನೆ ಓನರ್ ಸಹಿ ಬೇಕು. ಓನರ್ ಒಪ್ಪದಿದ್ದರೆ ದೊಡ್ಡ ಉಪಕರಣ ತರುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ನೋಟಿಸ್ ಬರುವುದು ಅವರ ಹೆಸರಿಗೆ.

ಖರ್ಚಿನಲ್ಲಿ ಮುಖ್ಯವಾದದ್ದು ಹೆಚ್ಚುವರಿ ಭದ್ರತಾ ಠೇವಣಿ. ಇದು ಶುಲ್ಕವಲ್ಲ, ನಿಮ್ಮದೇ ದುಡ್ಡು, ಕಾಯ್ದೆಯ ಪ್ರಕಾರ ಇದಕ್ಕೆ ಬಡ್ಡಿ ಕೊಡಬೇಕು. ರಸೀದಿ ಜೋಪಾನ ಮಾಡಿ. ಯಾರೋ ‘ಒಳಗೆ ಕೊಟ್ಟು ಮಾಡಿಸ್ತೀನಿ’ ಅಂದರೆ ಕೊಡಬೇಡಿ. ಕಂಪನಿಯ ರಸೀದಿ ಇಲ್ಲದ ಯಾವ ಪಾವತಿಯೂ ಲೋಡ್ ಏರಿಸುವುದಿಲ್ಲ.

ಗಡುವನ್ನೂ ತಿಳಿದಿರಿ. 2024ರಲ್ಲಿ ಗ್ರಾಹಕರ ಹಕ್ಕುಗಳ ನಿಯಮ ಮತ್ತೆ ತಿದ್ದುಪಡಿಯಾಗಿ, ಹೊಸ ಸಂಪರ್ಕ ಅಥವಾ ಇರುವ ಸಂಪರ್ಕದ ಬದಲಾವಣೆಗೆ ಮಹಾನಗರದಲ್ಲಿ 3 ದಿನ, ಇತರ ನಗರಸಭೆ, ಪುರಸಭೆ ಪ್ರದೇಶದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ ಅಂತ ಹೇಳಿದೆ. ಇದು ಎಲ್ಲಾ ದಾಖಲೆ ಸರಿ ಇದ್ದಾಗಿನ ಮಾತು. ಹೊಸ ಲೈನ್ ಎಳೆಯಬೇಕು, ಟ್ರಾನ್ಸ್‌ಫಾರ್ಮರ್ ಬದಲಿಸಬೇಕು ಅಂದರೆ ಬೇರೆ ಲೆಕ್ಕ. ಅರ್ಜಿ ಸಂಖ್ಯೆ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.

## ಹಂತ 7: ಮುಂದಿನ ಎರಡು ಬಿಲ್ ನೋಡಿ

ಮಂಜೂರಾತಿ ಬಂದ ಮೇಲೆ ಮುಂದಿನ ಬಿಲ್ಲಿನಲ್ಲಿ ಮಂಜೂರಾದ ಲೋಡ್ 4 ಅಂತ ಬದಲಾಗಿರಬೇಕು, ಸ್ಥಿರ ಶುಲ್ಕ 435ರಿಂದ 580ಕ್ಕೆ ಏರಿರಬೇಕು. ಸ್ಥಿರ ಶುಲ್ಕ ಏರಿದ್ದೂ ದಂಡದ ಸಾಲು ಹಾಗೇ ಇದ್ದರೆ ಕಚೇರಿಯ ಲೆಡ್ಜರಿನಲ್ಲಿ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟಿದ್ದಾರೆ ಅಂತ ಅರ್ಥ. ಆ ತಿಂಗಳೇ ಹೇಳಿ ಸರಿಪಡಿಸಿ. ಠೇವಣಿ ಜಮಾ ಆಗಿದೆಯೇ ಅಂತಲೂ ನೋಡಿ.

ಇದಕ್ಕೆ ತದ್ವಿರುದ್ಧವೂ ಇದೆ. ಮಕ್ಕಳು ಬೇರೆ ಊರಿಗೆ ಹೋದರು, ಬಾಡಿಗೆಯವರು ಖಾಲಿ ಮಾಡಿದರು, ಎಂಡಿ ವರ್ಷವಿಡೀ 2 ದಾಟುತ್ತಿಲ್ಲ, ಮಂಜೂರಾದ ಲೋಡ್ ಮಾತ್ರ 6 ಅಂತಿದ್ದರೆ ಲೋಡ್ ಇಳಿಸಲು ಅರ್ಜಿ ಹಾಕಬಹುದು. 3 ಕಿಲೋವ್ಯಾಟ್ ಇಳಿಸಿದರೆ ತಿಂಗಳಿಗೆ 435 ರೂಪಾಯಿ ಉಳಿಯುತ್ತದೆ. ಇದು ತಾನಾಗಿ ಆಗುವುದಿಲ್ಲ, ನೀವೇ ಕೇಳಬೇಕು.

## ನೋಟಿಸ್ ಈಗಾಗಲೇ ಬಂದಿದ್ದರೆ

ಮೊದಲು ಅದು ಯಾವುದು ಅಂತ ಓದಿ. ಲೋಡ್ ಪರಿಷ್ಕರಣೆಯ ನೋಟಿಸ್ ಆದರೆ ನಾಲ್ಕನೇ ಹಂತದ ಮೂರು ಸಲದ ಲೆಕ್ಕ, ಅತಿ ಕಡಿಮೆ ಎಂಡಿಯ ಲೆಕ್ಕ ಎರಡನ್ನೂ ನೋಡಿ, ತಪ್ಪಿದ್ದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅಂದರೆ ಎಇಇ ಅವರಿಗೆ ಬಿಲ್ಲುಗಳ ನಕಲು ಇಟ್ಟು ಬರೆಯಿರಿ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್.

ಸೆಕ್ಷನ್ 126ರ ತಾತ್ಕಾಲಿಕ ಆದೇಶ ಆದರೆ ದಾರಿ ಬೇರೆ. ವೇದಿಕೆಗೆ ಹೋದರೆ ವಾಪಸ್ ಕಳಿಸುತ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದೇಶ ಒಪ್ಪಿಕೊಳ್ಳುವುದಾದರೆ 7 ದಿನದೊಳಗೆ ಹಣ ಕಟ್ಟಬಹುದು. ಒಪ್ಪದಿದ್ದರೆ ಅಂದಾಜು ಅಧಿಕಾರಿಗೇ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬೇಕು. ಅವರು ನಿಮ್ಮ ಮಾತು ಕೇಳಿ, ತಾತ್ಕಾಲಿಕ ಆದೇಶ ತಲುಪಿದ 30 ದಿನದೊಳಗೆ ಅಂತಿಮ ಆದೇಶ ಕೊಡಬೇಕು. ಹಾಗಾಗಿ ಆಕ್ಷೇಪಣೆಯನ್ನು ಮೊದಲ ವಾರದಲ್ಲೇ ಕೊಟ್ಟುಬಿಡಿ. ಅಂತಿಮ ಆದೇಶದ ಮೇಲೆ ಸೆಕ್ಷನ್ 127ರಡಿ ಮೇಲ್ಮನವಿಗೆ ಮತ್ತೆ 30 ದಿನ ಇದೆ, ಆದರೆ ಅಂದಾಜು ಮೊತ್ತದ ಅರ್ಧ ಮೊದಲೇ ಕಟ್ಟಬೇಕು. ಕಟ್ಟದೆ ಬಿಟ್ಟರೆ 30 ದಿನದ ನಂತರ ವರ್ಷಕ್ಕೆ ಶೇ. 16ರ ಬಡ್ಡಿ ಓಡುತ್ತದೆ, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ.

ತಪಾಸಣೆಗೆ ಬಂದವರು ಬರೆದ ಮಹಜರಿನಲ್ಲಿ ಉಪಕರಣಗಳ ಪಟ್ಟಿ ಇರುತ್ತದೆ. ಸಹಿ ಮಾಡುವ ಮೊದಲು ಅದನ್ನು ಒಂದೊಂದೇ ಓದಿ. ಕೆಟ್ಟು ಮೂಲೆಯಲ್ಲಿ ಬಿದ್ದಿರುವ ಹಳೇ ಗೀಸರನ್ನು 2 ಕಿಲೋವ್ಯಾಟ್ ಅಂತ ಸೇರಿಸಿದ್ದರೆ ‘ಬಳಕೆಯಲ್ಲಿಲ್ಲ, ಸಂಪರ್ಕವಿಲ್ಲ’ ಅಂತ ಅಲ್ಲೇ ಬರೆಸಿ ಸಹಿ ಹಾಕಿ, ಒಂದು ಪ್ರತಿ ಕೇಳಿ ಪಡೆಯಿರಿ.